ಓದುಗರ ಸ್ಪಂದನ: ಪಂಪು, ಬೇರಿಂಗ್, ಮತ್ತೆ ಅದೇ ಪಂಪು

ಕಳೆದ ಸಂಚಿಕೆಯ ಸಮಸ್ಯೆ: ನನಗೆ 41 ವರ್ಷ. ಹಾಸನದ ಒಂದು ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ 16 ವರ್ಷಗಳಿಂದ ಮೆಕ್ಯಾನಿಕಲ್ ಇಂಜಿನಿಯರ್ ಆಗಿದ್ದೇನೆ. ಪಂಪು, ಬೇರಿಂಗ್, ಕನ್ವೇಯರ್, ಮತ್ತೆ ಅದೇ ಪಂಪು. ಬೆಳಿಗ್ಗೆ ಗೇಟಿನೊಳಗೆ ಕಾಲಿಡುವಾಗಲೇ ಸಂಜೆಯಾಗಲಿ ಎನಿಸುತ್ತದೆ. ಸ್ವಂತದ್ದೇನಾದರೂ ಆರಂಭಿಸಬೇಕು. ಹೋಂಸ್ಟೇ ಅಥವಾ ಕಾಫಿಪುಡಿ ವ್ಯಾಪಾರ ಎಂದುಕೊಂಡಿದ್ದೇನೆ. ಹೆಂಡತಿ ಶಿಕ್ಷಕಿ, ಮಕ್ಕಳಿಬ್ಬರು ಓದುತ್ತಿದ್ದಾರೆ. ಯಾವ ದಾರಿ ಹಿಡಿಯಲಿ?

ಮೂಡಿಗೆರೆಯಿಂದ ಒಬ್ಬ ಓದುಗರು

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂಬತ್ತು ವರ್ಷಗಳ ಹಿಂದೆ ನಾನು ಬೆಂಗಳೂರಿನ ಕಾರ್ಖಾನೆಯೊಂದರ ಕೆಲಸ ಬಿಟ್ಟು ಊರಿಗೆ ಬಂದಾಗ ನನ್ನ ತಲೆಯಲ್ಲಿಯೂ ಇದೇ ಎರಡು ಹೆಸರುಗಳಿದ್ದವು. ಎರಡನ್ನೂ ಮಾಡಲಿಲ್ಲ. ಇಂದು ಕಾಫಿ ತೋಟಗಳ ನೀರಾವರಿ ಸೆಟ್‌ಗಳನ್ನು ಪರೀಕ್ಷಿಸಿ ಸರಿಪಡಿಸುವುದೇ ನನ್ನ ವೃತ್ತಿ. ನಿಮಗೆ ಬೇಸರ ತಂದಿರುವುದು ಪಂಪಲ್ಲ, ಪ್ರತಿದಿನ ಅದೇ ಪಂಪನ್ನು ನೋಡುವುದು ಎಂದು ನನಗನ್ನಿಸುತ್ತದೆ. ತೋಟಗಳಲ್ಲಿ ಪ್ರತಿ ಪಂಪಿಗೂ ಬೇರೆ ಕೆರೆ, ಬೇರೆ ಗುಡ್ಡ, ಬೇರೆ ಪೈಪು. ಒಂದು ತೋಟದ ಕಥೆಯನ್ನು ಪೂರ್ತಿಯಾಗಿ ಹೇಳುತ್ತೇನೆ.

ರೊಬಸ್ಟಾ ಗಿಡಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಬೇಕು. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ಸುಮಾರು ಒಂದೂವರೆ ಇಂಚು ನೀರು ಕೊಡಬೇಕು. ಒಂದು ಎಕರೆಗೆ ಒಂದು ಇಂಚು ಎಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು. ನೀರು ಅರೆಬರೆಯಾದರೆ ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿ ಅರಳದೆ ಒಣಗುತ್ತದೆ, ಆ ವರ್ಷದ ಫಸಲು ಅಲ್ಲಿಗೇ ಹೋಗುತ್ತದೆ. ಹೀಗಾಗಿ ಆ ಕೆಲವು ವಾರಗಳಲ್ಲಿ ಪಂಪು ನಡೆಸುವುದೆಂದರೆ ಬೆಳೆಗಾರರಿಗೆ ಪ್ರಾಣ ಕೈಯಲ್ಲಿ ಹಿಡಿದುಕೊಂಡಂತೆ.

ಹತ್ತು ಎಕರೆಯ ಒಂದು ತೋಟದಲ್ಲಿ ಮೇಲಿನ ಭಾಗದ ಗಿಡಗಳು ಎರಡು ವರ್ಷದಿಂದ ಸರಿಯಾಗಿ ಹೂ ಬಿಡುತ್ತಿರಲಿಲ್ಲ. ಹತ್ತು ಎಚ್‌ಪಿ ಎಂಜಿನ್ ಸಾಲದು, ಹದಿನೈದರದ್ದು ಹಾಕಿ ಎಂದು ಅಂಗಡಿಯವರು ಹೇಳಿದ್ದರು. ನಾನು ಹೋದಾಗ ಹನ್ನೆರಡು ಸ್ಪ್ರಿಂಕ್ಲರ್ ಜೆಟ್‌ಗಳು ತಿರುಗುತ್ತಿದ್ದವು. ದೂರದಿಂದ ನೋಡಿದರೆ ಎಲ್ಲವೂ ಸರಿ. ಹತ್ತಿರ ಹೋದರೆ ಕೊನೆಯ ಜೆಟ್‌ಗಳ ನೀರು ಮಂಜಿನಂತೆ ಹರಡದೆ ದಪ್ಪ ಹನಿಯಾಗಿ ಬೀಳುತ್ತಿತ್ತು. ಜೆಟ್‌ನ ಸುತ್ತ ದೂರದಲ್ಲೊಂದು ಬಳೆಯಂತೆ ನೆಲ ಒದ್ದೆ, ನಡುವೆ ಒಣ. ಒತ್ತಡ ಕಡಿಮೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲು ಎಂಜಿನ್ ನಿಲ್ಲಿಸಿದೆವು. ಹಿಮ್ಮುಖ ತಡೆ ವಾಲ್ವ್‌ನಿಂದ ಮೇಲಿನ ಪೈಪಿಗೆ ಒತ್ತಡಮಾಪಕ ಹಾಕಿ, ಲೈನ್ ತುಂಬಿರುವಾಗ ಓದಿದರೆ ಚದರ ಸೆಂಟಿಮೀಟರಿಗೆ 3.5 ಕೆಜಿ ತೋರಿಸಿತು. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಎಂಬುದು ನಿಮಗೆ ಗೊತ್ತೇ ಇದೆ. ಅಂದರೆ ಕೆರೆಯಿಂದ ಮೇಲಿನ ಭಾಗಕ್ಕೆ 35 ಮೀಟರ್ ಏರು. ಗುಡ್ಡ ಅಳೆಯಲು ಬೇರೆ ಉಪಕರಣವೇ ಬೇಕಾಗಲಿಲ್ಲ. ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ಆ ವಾಲ್ವ್ ಅಥವಾ ಎಲ್ಲೋ ಒಂದು ಜಾಯಿಂಟ್ ಸೋರುತ್ತಿದೆ ಎಂದು ತಿಳಿಯಬೇಕು. ಇಲ್ಲಿ ಇಳಿಯಲಿಲ್ಲ.

ಎಂಜಿನ್ ಚಾಲೂ ಮಾಡಿದಾಗ ಪಂಪಿನ ಬಾಯಲ್ಲಿ 7.2 ಕೆಜಿ ಇತ್ತು. ಏರಿಗೆ 3.5 ಕಳೆದರೆ 3.7 ಉಳಿಯಬೇಕು. ಕೊನೆಯ ಜೆಟ್‌ನ ಬುಡದಲ್ಲಿ ಸಿಕ್ಕಿದ್ದು 1.8 ಮಾತ್ರ, ಅದು ಬೇಡುವುದು 2.5. ನಡುವೆ ಸುಮಾರು ಎರಡು ಕೆಜಿ ಎಲ್ಲಿ ಹೋಯಿತು? ಮುನ್ನೂರು ಮೀಟರ್ ಉದ್ದದ ಎರಡೂವರೆ ಇಂಚಿನ ಮುಖ್ಯ ಪೈಪಿನಲ್ಲಿ, ಉಜ್ಜಾಟದಲ್ಲಿ ಹೋಯಿತು. ಮೊದಲು ಏಳೆಂಟು ಜೆಟ್‌ಗೆಂದು ಹಾಕಿದ ಪೈಪು ಅದು. ಆಮೇಲೆ ಕೆಲಸ ಬೇಗ ಮುಗಿಯಲೆಂದು ಜೆಟ್‌ಗಳನ್ನು ಹನ್ನೆರಡಕ್ಕೆ ಏರಿಸಿದ್ದರು. ಪಂಪು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು.

ಹದಿನೈದು ಎಚ್‌ಪಿ ಎಂಜಿನ್ ತಂದಿದ್ದರೆ ಹೆಚ್ಚಿನ ಡೀಸೆಲ್ಲನ್ನು ಅದೇ ಪೈಪಿನ ಗೋಡೆಗೆ ಉಜ್ಜಲು ಸುಡುತ್ತಿದ್ದರು. ನಾನು ಆ ವರ್ಷಕ್ಕೆ ಹೇಳಿದ್ದು ಇಷ್ಟೇ: ನಾಲ್ಕು ಜೆಟ್ ಮುಚ್ಚಿ, ಒಮ್ಮೆಗೆ ಎಂಟನ್ನೇ ನಡೆಸಿ. ಹರಿವು ಮೂರನೇ ಒಂದು ಭಾಗ ಇಳಿದರೆ ಪೈಪಿನಲ್ಲಿ ಕಳೆದುಹೋಗುವ ಒತ್ತಡ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಕೊನೆಯ ಜೆಟ್‌ನಲ್ಲಿ 2.5 ಕೆಜಿ ಬಂತು, ಹನಿ ಸಣ್ಣಗಾಯಿತು. ಜೆಟ್ ಎಷ್ಟು ನೀರು ಕೊಡುತ್ತಿದೆ ಎಂದು ನೋಡಲು ಅದರ ಬಾಯಿಗೆ ಮೆದುವಾದ ಪೈಪು ತೊಡಿಸಿ 20 ಲೀಟರ್ ಬಕೆಟ್ ತುಂಬಿಸಿದೆವು. ನಲವತ್ತು ಸೆಕೆಂಡ್, ಅಂದರೆ ಸೆಕೆಂಡಿಗೆ ಅರ್ಧ ಲೀಟರ್. ಹನ್ನೆರಡು ಮೀಟರ್ ಅಂತರದಲ್ಲಿ ಜೆಟ್ ನಿಲ್ಲಿಸಿದರೆ ಮೂರು ಗಂಟೆಯಲ್ಲಿ ಒಂದೂವರೆ ಇಂಚು ಬೀಳುತ್ತದೆ.

ಇದಕ್ಕೂ ಬೆಲೆ ಇದೆ, ಅದನ್ನು ಬೆಳೆಗಾರರಿಗೆ ಮೊದಲೇ ಹೇಳಬೇಕು. ದಿನಕ್ಕೆ ನಾಲ್ಕು ಪಾಳಿ ನಡೆಸಿದರೂ ಹತ್ತು ಎಕರೆ ಮುಗಿಯಲು ಆರು ದಿನದ ಬದಲು ಒಂಬತ್ತು ದಿನ ಹಿಡಿಯಿತು. ಮರುವರ್ಷ ಅವರು ಮುಖ್ಯ ಪೈಪನ್ನು ಮೂರು ಇಂಚಿಗೆ ಬದಲಿಸಿದರು. ಈಗ ಅದೇ ಹಳೆಯ ಎಂಜಿನ್ ಹನ್ನೆರಡು ಜೆಟ್‌ಗಳನ್ನು ಎಳೆಯುತ್ತದೆ.

ನನ್ನ ಚೀಲದಲ್ಲಿರುವುದು ಎರಡು ಒತ್ತಡಮಾಪಕ, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್, ಒಂದು ಬಕೆಟ್, ಒಂದು ನೋಟ್‌ಬುಕ್. ನೀವು ಹದಿನಾರು ವರ್ಷ ಇದನ್ನೇ ಮಾಡಿದ್ದೀರಿ. ಮೊದಲ ವರ್ಷ ನನಗೆ ಸಿಕ್ಕಿದ್ದು 23 ತೋಟಗಳು. ಅದರಲ್ಲಿ ಮನೆ ನಡೆಯಲಿಲ್ಲ, ಮೂರನೇ ವರ್ಷ ನಡೆಯಿತು. ಪೈಪು, ಪಂಪು ಮಾರುವ ಏಜೆನ್ಸಿಯನ್ನು ಮಾತ್ರ ತೆಗೆದುಕೊಳ್ಳಬೇಡಿ. ಮಾರುವವನು ಕೊಡುವ ಸಲಹೆಯನ್ನು ಬೆಳೆಗಾರ ನಂಬುವುದಿಲ್ಲ, ಅದು ನ್ಯಾಯವೇ.

ಆಲ್ದೂರಿನ ಒಬ್ಬ ಕಾಫಿ ಬೆಳೆಗಾರ್ತಿ

ಹೋಂಸ್ಟೇ ನಮ್ಮ ರಸ್ತೆಯಲ್ಲಿಯೇ ಸಾಕಷ್ಟಿವೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟರೆ ರಾತ್ರಿ ಎಂಟಕ್ಕೆ ಬರುವವರು ಒಬ್ಬರೂ ಇಲ್ಲ. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕು. ಒಂದು ಬೇರಿಂಗ್ ಹೋಗಿ ರಾಶಿ ಹಾಗೆಯೇ ಉಳಿದರೆ ಬೆಳಗಾಗುವಷ್ಟರಲ್ಲಿ ಒಳಗೆ ಕೈಯಿಟ್ಟರೆ ಬಿಸಿ, ಮೂಗಿಗೆ ಹುಳಿ ವಾಸನೆ. ಹಾಗೆ ಕೆಟ್ಟ ಕಾಫಿಯನ್ನು ಒಂದು ಡಿಸೆಂಬರ್‌ನಲ್ಲಿ ಕಣದಲ್ಲಿ ಹರಡುವಾಗ ನಾನು ಅತ್ತಿದ್ದೇನೆ.

ಕೆಡದ ಪಲ್ಪರ್‌ನಲ್ಲಿಯೂ ನಷ್ಟವಾಗುತ್ತಿರುತ್ತದೆ. ಅಂತರ ಬಿಗಿಯಾದರೆ ಬೀಜ ತುಂಡಾಗುತ್ತದೆ, ಸಡಿಲವಾದರೆ ಸಿಪ್ಪೆ ಬೀಜದ ಜೊತೆಗೇ ಬರುತ್ತದೆ. ಕೊಯ್ಲಿನ ಆರಂಭದಲ್ಲಿ ಒಮ್ಮೆ ಹೊಂದಿಸಿ ಬಿಟ್ಟರೆ ಆಗದು. ಹಣ್ಣಿನ ಗಾತ್ರ ಬದಲಾದಂತೆ ಮತ್ತೆ ಹೊಂದಿಸಬೇಕು. ಬಂದವರು ನೂರು ಬೀಜ ಎಣಿಸಿ, ಎಷ್ಟು ತುಂಡಾಗಿವೆ ಎಂದು ತೋರಿಸಿ, ಹೊಂದಿಸಿ, ಮತ್ತೆ ನೂರು ಎಣಿಸಿ ತೋರಿಸಿದರೆ ನಾನು ಕೇಳಿದಷ್ಟು ಕೊಡುತ್ತೇನೆ. ಇದುವರೆಗೆ ಹಾಗೆ ತೋರಿಸಿದವರಿಲ್ಲ.

ಎರಡು ಮಾತು ಬೇಸರ ಮಾಡಿಕೊಳ್ಳದೆ ಕೇಳಿ. ನಮ್ಮ ಕೈಗೆ ಹಣ ಬರುವುದು ಕಾಫಿ ಮಾರಿದ ಮೇಲೆ. ನವೆಂಬರ್‌ನ ಬಿಲ್ಲನ್ನು ಮಾರ್ಚ್‌ನಲ್ಲಿ ಕೊಡುವವರು ಬಹಳ. ಆದ್ದರಿಂದ ಸೆಪ್ಟೆಂಬರ್‌ನಲ್ಲಿಯೇ ವರ್ಷದ ಒಪ್ಪಂದ ಮಾಡಿಕೊಂಡು ಅರ್ಧ ಹಣ ಪಡೆಯಿರಿ, ಬಿಡಿಭಾಗದ ಹಣವನ್ನು ಕೈಯಲ್ಲೇ ಕೇಳಿ. ಇನ್ನೊಂದು, ಊರಿನ ಹಳೆಯ ಮೆಕ್ಯಾನಿಕ್‌ಗಳನ್ನು ಪಕ್ಕಕ್ಕೆ ಸರಿಸಬೇಡಿ. ಅವರಿಗೆ ಯಾವ ತೋಟದಲ್ಲಿ ಯಾವ ವರ್ಷದ ಪಲ್ಪರ್ ಇದೆ ಎಂದು ಬಾಯಲ್ಲೇ ಇದೆ. ಅವರಲ್ಲೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಲೆಕ್ಕ ನಿಮ್ಮದು, ಕೈ ಅವರದು.

ಹಾಸನದಿಂದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ

ತೋಟದ ಯಂತ್ರಗಳ ದುರಸ್ತಿ ವೃತ್ತಿಯ ವರ್ಷ ಸಮವಾಗಿಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಪಲ್ಪರ್ ಮತ್ತು ಸ್ಪ್ರಿಂಕ್ಲರ್. ಮೇ ತಿಂಗಳಲ್ಲಿ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಗೆ ಸ್ಪ್ರೇಯರ್ ದುರಸ್ತಿ. ಜೂನ್‌ನಿಂದ ಮಲೆನಾಡಿನ ಮಳೆ. ಆ ಮೂರು ತಿಂಗಳು ತೋಟಗಳಿಂದ ಪಂಪು, ಎಂಜಿನ್ ತರಿಸಿಕೊಂಡು ಶೆಡ್‌ನಲ್ಲಿ ಬಿಚ್ಚಿ ಕಟ್ಟಿಕೊಟ್ಟರೆ ಮಾತ್ರ ಆದಾಯ. ಹೀಗಾಗಿ ಮನೆಯ ಎಂಟು ತಿಂಗಳ ಖರ್ಚನ್ನು ಬೇರೆಯಾಗಿ ಇಟ್ಟುಕೊಂಡು ಹೊರಡಿ.

ಬಿಡುವ ಮುನ್ನ ಮಾಡಬೇಕಾದದ್ದು ಮೂರಿವೆ. ಕಾರ್ಖಾನೆಯ ಗುಂಪು ಆರೋಗ್ಯ ವಿಮೆ ಕೆಲಸದೊಂದಿಗೇ ಹೋಗುತ್ತದೆ. ಸ್ವಂತ ಪಾಲಿಸಿಯನ್ನು ಈಗಲೇ ಮಾಡಿಸಿ, ಹಳೆಯ ಕಾಯಿಲೆಗಳ ಕಾಯುವ ಅವಧಿ ಸಂಬಳವಿರುವಾಗಲೇ ಕಳೆಯಲಿ. ವಾಹನಕ್ಕೋ ಶೆಡ್‌ಗೋ ಸಾಲ ಬೇಕಿದ್ದರೆ ಅದನ್ನೂ ಸಂಬಳದ ಚೀಟಿ ಇರುವಾಗಲೇ ಪಡೆಯಿರಿ. ಆಮೇಲೆ ಬ್ಯಾಂಕು ಸ್ವಂತ ವೃತ್ತಿಯ ಆದಾಯ ತೆರಿಗೆ ವಿವರಗಳನ್ನು ಕೇಳುತ್ತದೆ, ಹೊಸ ವೃತ್ತಿಯಲ್ಲಿ ಅವು ಇರುವುದಿಲ್ಲ. ಭವಿಷ್ಯನಿಧಿಯನ್ನು ಮುಟ್ಟಬೇಡಿ, ಗ್ರಾಚ್ಯುಟಿಯನ್ನು ಮಾತ್ರ ಬಂಡವಾಳವೆಂದು ಎಣಿಸಿ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಮೂಲವೇತನ, ತುಟ್ಟಿಭತ್ಯೆ ಸೇರಿ 40,000 ರೂಪಾಯಿ ಇದ್ದರೆ 16 ವರ್ಷಕ್ಕೆ ಸುಮಾರು 3,69,000 ಆಗುತ್ತದೆ. ಉಪಕರಣ, ಬಿಡಿಭಾಗ, ಹಳೆಯ ಪಿಕಪ್ ವಾಹನ ಈ ಮೊತ್ತದೊಳಗೇ ಮುಗಿಯಬೇಕು. ಮುಗಿಯದಿದ್ದರೆ ವಾಹನವನ್ನು ಮುಂದಿನ ವರ್ಷಕ್ಕೆ ಬಿಡಿ.

ರಾಜೀನಾಮೆಗೆ ಮುಂಚೆ ಒಂದು ಹಂಗಾಮು ಪ್ರಯೋಗ ಮಾಡಿ. ಬೇರೆ ದುಡಿಮೆಗೆ ನಿಮ್ಮ ನೇಮಕಾತಿ ಪತ್ರ ಅವಕಾಶ ಕೊಡದಿದ್ದರೆ ಹಣ ಪಡೆಯಬೇಡಿ. ಉಳಿದ ರಜೆಯಲ್ಲಿ, ಫೆಬ್ರವರಿಯ ಭಾನುವಾರಗಳಲ್ಲಿ ಐದು ತೋಟಗಳ ಒತ್ತಡ ಅಳೆದು ಬರೆದಿಟ್ಟುಕೊಳ್ಳಿ.

ಬೇಲೂರಿನಿಂದ ಒಬ್ಬ ಗೃಹಿಣಿ

ನನ್ನ ಯಜಮಾನರು ಆರು ವರ್ಷದ ಹಿಂದೆ ಹೀಗೆಯೇ ಕೆಲಸ ಬಿಟ್ಟು ಬಂದರು. ಮನೆಯವರನ್ನು ಕೇಳಿ ನಿರ್ಧರಿಸಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಕೇಳಬೇಕಾದ ಪ್ರಶ್ನೆಯನ್ನೇ ಹೇಳುತ್ತೇನೆ. ಹೂಮಳೆಯ ಸಮಯಕ್ಕೇ ಮಕ್ಕಳ ಪರೀಕ್ಷೆ ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಇವರು ರಾತ್ರಿ ಹತ್ತಕ್ಕೂ ಮನೆಗೆ ಬಂದಿರುವುದಿಲ್ಲ, ತೋಟದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಆ ಎರಡು ತಿಂಗಳು ಮನೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನಿಮ್ಮ ಹೆಂಡತಿಯೊಂದಿಗೆ ಕುಳಿತು ಮಾತನಾಡಿ. ಅವರಿಗೂ ಶಾಲೆಯಲ್ಲಿ ಅದೇ ಪರೀಕ್ಷೆಯ ಕೆಲಸವಿರುತ್ತದೆ. ನಮ್ಮ ಮನೆಗೆ ಆ ಎರಡು ತಿಂಗಳು ನನ್ನ ಅತ್ತಿಗೆ ಬಂದು ಇರುತ್ತಾರೆ. ಅವರು ಒಪ್ಪಿದ ಮೇಲೆಯೇ ಯಜಮಾನರು ರಾಜೀನಾಮೆ ಬರೆದದ್ದು.