ಪದಚರ್ಚೆ: ‘ದ್ಯುತಿವಿಭಜನೆ’ ಅಂದರೆ ನೀರನ್ನು ಒಡೆಯುವುದು ಬೆಳಕೇ?

ಪ್ರಶ್ನೆ: ಗೆಳೆಯರೇ, ದ್ಯುತಿಸಂಶ್ಲೇಷಣೆಯ ಬೆಳಕಿನ ಕ್ರಿಯೆಯ ಚಿತ್ರಕ್ಕೆ ಕನ್ನಡ ಹೆಸರುಗಳನ್ನು ಬರೆಯುತ್ತಿದ್ದೇನೆ. ಎಡತುದಿಯಲ್ಲಿ ನೀರು ಒಡೆಯುವ ಜಾಗವಿದೆ. ಅದಕ್ಕೆ ‘ದ್ಯುತಿವಿಭಜನೆ’ ಎಂದು ಬರೆಯುವ ರೂಢಿ. ಆದರೆ ಚಿತ್ರದಲ್ಲಿ ಬೆಳಕಿನ ಬಾಣ ನೀರಿಗೆ ತಾಗುವುದೇ ಇಲ್ಲ. ಅದು ಹೋಗಿ ತಾಗುವುದು ಪಿ680 ಎಂಬ ಕ್ಲೋರೊಫಿಲ್‌ಗೆ. ಹಾಗಾದರೆ ಪದ ತಪ್ಪು ದಾರಿ ತೋರಿಸುತ್ತಿಲ್ಲವೇ?

ಉತ್ತರ 1: ಪದ ಸರಿಯಾಗೇ ಇದೆ ಅಲ್ವಾ? ಕತ್ತಲಲ್ಲಿಟ್ಟರೆ ನೀರು ಒಡೆಯುವುದಿಲ್ಲ, ಬೆಳಕು ಬಿದ್ದರೆ ಒಡೆಯುತ್ತದೆ. ಅಂದಮೇಲೆ ಒಡೆಯುವುದು ಬೆಳಕೇ.

ಉತ್ತರ 2: ಬೆಳಕು ಬೇಕು, ನಿಜ. ಆದರೆ ಅದು ಮಾಡುವ ಕೆಲಸ ಬೇರೆ. ಬೆಳಕು ಪಿ680ರಿಂದ ಒಂದು ಎಲೆಕ್ಟ್ರಾನನ್ನು ಹೊರಗೆ ಕಳಿಸುತ್ತದೆ. ಆ ಖಾಲಿ ಜಾಗ ತುಂಬಲು ಪಕ್ಕದ ಮ್ಯಾಂಗನೀಸ್ ಗುಂಪು ಒಂದು ಎಲೆಕ್ಟ್ರಾನ್ ಕೊಡುತ್ತದೆ. ಹೀಗೆ ನಾಲ್ಕು ಕೊಟ್ಟ ಮೇಲೆ ಆ ಗುಂಪು ತನ್ನ ಸಾಲವನ್ನು ನೀರಿನಿಂದ ವಸೂಲಿ ಮಾಡುತ್ತದೆ:

2H₂O → O₂ + 4H⁺ + 4e⁻

ಇದಕ್ಕೆ ಒಳ್ಳೆಯ ಪುರಾವೆ ಇದೆ. ಕತ್ತಲಲ್ಲಿಟ್ಟ ಕ್ಲೋರೊಪ್ಲಾಸ್ಟ್‌ಗಳಿಗೆ ಕ್ಷಣಮಾತ್ರದ ಮಿಂಚುಬೆಳಕನ್ನು ಒಂದೊಂದಾಗಿ ಕೊಟ್ಟು ನೋಡಿದರು. ಮೊದಲ ಮಿಂಚಿಗೆ ಆಕ್ಸಿಜನ್ ಬರಲೇ ಇಲ್ಲ ಎನ್ನಬಹುದು. ಮೂರನೆಯದಕ್ಕೆ ತುಂಬಾ ಬಂತು. ಆಮೇಲೆ ಪ್ರತಿ ನಾಲ್ಕನೆಯ ಮಿಂಚಿಗೆ, ಅಂದರೆ ಏಳು, ಹನ್ನೊಂದರಲ್ಲಿ ಮತ್ತೆ ಜಾಸ್ತಿ. ಮೊದಲ ಸಲ ಮೂರೇ ಸಾಕಾದದ್ದು ಏಕೆಂದರೆ, ಕತ್ತಲಲ್ಲಿರುವಾಗಲೇ ಹೆಚ್ಚಿನ ಗುಂಪುಗಳು ಒಂದು ಮೆಟ್ಟಿಲು ಮೇಲೆ ನಿಂತಿರುತ್ತವೆ. 1970ರಲ್ಲಿ ಬೆಸೆಲ್ ಕೋಕ್ ಮತ್ತು ಸಂಗಡಿಗರು ಇದನ್ನು ಹೀಗೆ ಮೆಟ್ಟಿಲುಗಳಾಗಿ ವಿವರಿಸಿದರು. ಗಮನಿಸಿ, ಕೊನೆಯಲ್ಲಿ ಆಕ್ಸಿಜನ್ ಹೊರಬರುವ ಹೆಜ್ಜೆಗೆ ಹೊಸ ಬೆಳಕು ಬೇಡ, ಅದು ತಾನಾಗಿಯೇ ನಡೆಯುತ್ತದೆ.

ಉತ್ತರ 3: ನನಗೂ ಇದೇ ಚಿತ್ರದಲ್ಲಿ ಗೊಂದಲವಾಗಿತ್ತು. ಮಗಳ ನೋಟ್ಸ್‌ನಲ್ಲಿ ಎಟಿಪಿ, ಎನ್‌ಎಡಿಪಿಎಚ್ ಎರಡಕ್ಕೂ ‘ಶಕ್ತಿವಾಹಕ’ ಎಂದಿತ್ತು. ಸರಿ, ಎರಡಕ್ಕೂ ಎಲೆಕ್ಟ್ರಾನ್ ಹೋಗುತ್ತದೆ ಅಂದುಕೊಂಡು ಬಾಣ ಎಳೆದುಕೊಟ್ಟೆ. ಉತ್ತರ ತಪ್ಪಾಯ್ತು. ಆ ಪದವನ್ನೂ ಬದಲಿಸಬೇಕಲ್ವಾ?

ಉತ್ತರ 2: ‘ಶಕ್ತಿವಾಹಕ’ ಇರಲಿ, ಬಾಣವನ್ನು ಮಾತ್ರ ತಿದ್ದಿ. ನೀರಿನಿಂದ ಹೊರಟ ಎಲೆಕ್ಟ್ರಾನ್ ಸೇರುವುದು ಎನ್‌ಎಡಿಪಿಎಚ್‌ಗೆ, ಪೊರೆಯ ಹೊರಬದಿಯಲ್ಲಿ. ಎಟಿಪಿಗೆ ಎಲೆಕ್ಟ್ರಾನ್ ಹೋಗುವುದಿಲ್ಲ. ಪೊರೆಯ ಒಳಗೆ ಕೂಡಿಬಿದ್ದ H⁺ ಹೊರಗೆ ನುಗ್ಗುವಾಗ ಎಟಿಪಿ ಆಗುತ್ತದೆ. ನೀರು ಒಡೆದಾಗ ಬಂದ H⁺ ಕೂಡ ಆ ರಾಶಿಗೇ ಸೇರುತ್ತದೆ. ಅದಕ್ಕೇ ನೀರನ್ನು ಒಳಬದಿಯಲ್ಲೇ ಬರೆಯಬೇಕು. ಸುಮ್ನೆ ಜಾಗ ಇದೆಯೆಂದು ಹೊರಗೆ ಬರೆದರೆ ಚಿತ್ರದ ಅರ್ಥವೇ ಕೆಡುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ಆ ಜಾಗಕ್ಕೆ ‘ನೀರಿನ ಒಡೆತ’ ಎಂದು ಬರೆದು, ಬೆಳಕಿನ ಬಾಣವನ್ನು ಪಿ680ರ ಹತ್ತಿರವೇ ಬಿಡುತ್ತೇನೆ.

ಉತ್ತರ 1: ‘ಒಡೆತ’ ನೋಡಿದರೆ ‘ಒಡೆತನ’ ನೆನಪಾಗುತ್ತದೆ. ‘ನೀರು ಒಡೆಯುವುದು’ ಎಂದೇ ಬರೆದರೆ? ‘ದ್ಯುತಿ’ ಬಿಡುವುದಕ್ಕೆ ನನಗಿನ್ನೂ ಮನಸ್ಸಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಹುಡುಕುವುದು ಆ ಪದವನ್ನೇ.