ಪಿತ್ತಕೋಶದ ಕಲ್ಲು: ಜಿಡ್ಡಿನ ಊಟದ ನಂತರದ ನೋವಿಗೆ ಏನು ಪಥ್ಯ, ಯಾವಾಗ ಆಸ್ಪತ್ರೆ?

ಪೊನ್ನಂಪೇಟೆ ಹುಡುಗ: ಅಮ್ಮನಿಗೆ 54 ವರ್ಷ. ಮದುವೆ ಮನೆಯಲ್ಲಿ ಪಂದಿ ಕರಿ ಊಟ ಮಾಡಿ ಬಂದ ರಾತ್ರಿ 11ಕ್ಕೆ ಎದೆಗುಂಡಿ ಕೆಳಗೆ ನೋವು ಶುರುವಾಗಿ ಬಲ ಬೆನ್ನಿಗೆ ಹೋಯಿತು, 1.30ಕ್ಕೆ ತಾನಾಗಿ ನಿಂತಿತು. ಸ್ಕ್ಯಾನ್‌ನಲ್ಲಿ 3ರಿಂದ 9 ಮಿ.ಮೀ. ತನಕ ಹಲವು ಕಲ್ಲು. ಡಾಕ್ಟರು ಆಪರೇಷನ್ ಅಂದಿದ್ದಾರೆ, ಅಮ್ಮ ಮಳೆಗಾಲ ಮುಗೀಲಿ ಅಂತಿದ್ದಾರೆ. ಅಲ್ಲಿವರೆಗೆ ಏನು ಊಟ ಕೊಡೋದು? ಏನು ಕಂಡರೆ ಕಾಯದೆ ಹೊರಡಬೇಕು?

ಕುಶಾಲನಗರದ ಅಕ್ಕ: ತೆಗೆಸಿಬಿಡಿ ತಮ್ಮಾ. ನಾನು ತೆಗೆಸಿದೆ, ಈಗ ಎಲ್ಲಾ ತಿನ್ನುತ್ತೇನೆ. ಆದರೆ ದುಡ್ಡಿನ ವಿಷಯ ಮೊದಲೇ ತಿಳ್ಕೊಳ್ಳಿ. ಆಸ್ಪತ್ರೆಯವರು ಹೇಳುವ ಪ್ಯಾಕೇಜಿನಲ್ಲಿ ಆಪರೇಷನ್ ಮಾತ್ರ ಇರುತ್ತದೆ. ಅರಿವಳಿಕೆ ಡಾಕ್ಟರ ಫೀಸು, ರಕ್ತ ಪರೀಕ್ಷೆ, ಇಸಿಜಿ, ಎಕೋ, ಹೊರಗಿಂದ ತರಿಸುವ ಔಷಧಿ, ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸುವ ಖರ್ಚು, ಎಲ್ಲಾ ಬೇರೆ ಬೇರೆ ಚೀಟಿಯಲ್ಲಿ ಬಂತು. ‘ಒಟ್ಟು ಎಷ್ಟು, ಏನೇನು ಸೇರಿದೆ’ ಅಂತ ಬರೆಸಿಕೊಂಡೇ ಅಡ್ಮಿಟ್ ಆಗಿ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ನನ್ನ ಹಾಗೆ ಎಪಿಎಲ್ ಆದರೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ. 30 ಮಾತ್ರ. ಅದಕ್ಕೂ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಆಪರೇಷನ್ ಮುಗಿಸಿ ಆಮೇಲೆ ಚೀಟಿ ತರ್ತೀನಿ ಅಂದರೆ ಯಾರೂ ಕೇಳುವುದಿಲ್ಲ.

ನಾಪೋಕ್ಲು ತೋಟ: ಎಲ್ಲರೂ ಕತ್ತರಿಗೇ ಓಡ್ತಾರೆ. ನನ್ನದು 14 ಮಿ.ಮೀ. ಒಂದೇ ಕಲ್ಲು, ಹೊಟ್ಟೆ ಕೊಯ್ಸಿಕೊಂಡಿಲ್ಲ, ತೋಟದ ಕೆಲಸ ಮಾಡಿಕೊಂಡು ಚೆನ್ನಾಗಿದ್ದೇನೆ. ಜಿಡ್ಡು ಪೂರ್ತಿ ಬಿಟ್ಟೆ: ಎಣ್ಣೆ ಇಲ್ಲ, ತುಪ್ಪ ಇಲ್ಲ, ತೆಂಗಿನಕಾಯಿ ಇಲ್ಲ. ಬೆಳಿಗ್ಗೆ ಊಟವೇ ಇಲ್ಲ, ಒಂದು ಲೋಟ ಬೆಲ್ಲದ ಕಾಫಿ ಅಷ್ಟೆ. ಮಾಂಸ ತಿಂದರೂ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಜಾಸ್ತಿ ಹಾಕಿಸಿಕೊಳ್ಳುತ್ತೇನೆ. ಕಾಚಂಪುಳಿ ಕೊಬ್ಬು ಕರಗಿಸುತ್ತದೆ, ನಮ್ಮ ಹಿರಿಯರು ಸುಮ್ಮನೆ ಹಾಕುತ್ತಿರಲಿಲ್ಲ. ಅಮ್ಮನಿಗೂ ಇದೇ ಮಾಡಿಸಿ.

ಸೋಮವಾರಪೇಟೆ ಮೇಷ್ಟ್ರು: ಕಲ್ಲಿಗೆ ಬಾಳೆದಿಂಡಿನ ರಸಕ್ಕಿಂತ ಒಳ್ಳೆಯದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ, ದಿನಕ್ಕೆ ಮೂರು ಲೀಟರ್ ನೀರು. ನನ್ನ ತಮ್ಮನಿಗೆ 5 ಮಿ.ಮೀ. ಕಲ್ಲು ಮೂತ್ರದಲ್ಲೇ ಹೋಯಿತು.

ವಿರಾಜಪೇಟೆ ಸಿಸ್ಟರ್ (ಸರ್ಜರಿ ವಾರ್ಡ್, ನಿವೃತ್ತಿ): ಮೇಷ್ಟ್ರೇ, ನಿಮ್ಮ ತಮ್ಮನದು ಕಿಡ್ನಿ ಕಲ್ಲು. ಅದು ಮೂತ್ರದ ದಾರಿ. ಪಿತ್ತಕೋಶಕ್ಕೂ ಮೂತ್ರಕ್ಕೂ ದಾರಿಯೇ ಇಲ್ಲ, ಎಷ್ಟು ನೀರು ಕುಡಿದರೂ ಈ ಕಲ್ಲು ಆ ಕಡೆ ಹೋಗುವುದಿಲ್ಲ.

ತಮ್ಮಾ, ಅಮ್ಮನಿಗೆ ಆದದ್ದನ್ನು ಗಡಿಯಾರ ಹಿಡಿದು ನೋಡೋಣ. ಮದುವೆ ಊಟದ ಜಿಡ್ಡು ಸಣ್ಣ ಕರುಳಿಗೆ ಇಳಿದ ಕೂಡಲೇ ಪಿತ್ತಕೋಶ ಹಿಂಡಿಕೊಳ್ಳುತ್ತದೆ. ಆಗ ಒಂದು ಕಲ್ಲು ಅದರ ಬಾಯಿಗೆ ಅಡ್ಡ ಕೂತಿದೆ. ಎರಡೂವರೆ ಗಂಟೆ ಬಿಟ್ಟೂಬಿಡದ ನೋವು, ಆಮೇಲೆ ಕಲ್ಲು ಹಿಂದಕ್ಕೆ ಜಾರಿತು, ನೋವು ನಿಂತಿತು. ಜ್ವರ ಇಲ್ಲ, ಬೆಳಿಗ್ಗೆ ಮುಟ್ಟಿದರೆ ನೋವಿಲ್ಲ ಅಂದರೆ ಬಂದು ಹೋದ ನೋವು ಅಷ್ಟೆ. ಅದೇ ನೋವು ಐದಾರು ಗಂಟೆ ದಾಟಿದರೆ ಕಲ್ಲು ಅಲ್ಲೇ ಕಚ್ಚಿಕೊಂಡಿದೆ, ಪಿತ್ತಕೋಶ ಊದುತ್ತಿದೆ ಅಂತ ಲೆಕ್ಕ. ಬಲ ಪಕ್ಕೆಲುಬಿನ ಕೆಳಗೆ ಬೆರಳೂರಿ ಉಸಿರು ಎಳೆಯಲು ಹೇಳಿ. ನೋವಿಗೆ ಉಸಿರು ಅರ್ಧಕ್ಕೇ ನಿಂತರೆ ಊತ ಇರುವ ಸಾಧ್ಯತೆ ಜಾಸ್ತಿ. ನಿಮ್ಮಲ್ಲಿಂದ ದೊಡ್ಡ ಆಸ್ಪತ್ರೆಗೆ ಮಳೆಯಲ್ಲಿ ಎರಡು ಗಂಟೆ ಬೇಕಾದರೆ ಆರು ಗಂಟೆ ತನಕ ಕಾದು ಕೂರಬೇಡಿ, ಮೂರು ಗಂಟೆ ಆದರೂ ಇಳಿಯದಿದ್ದರೆ ಹೊರಡಿ.

ಗಂಟೆ ಲೆಕ್ಕವೇ ಬೇಡದ ಲಕ್ಷಣಗಳೂ ಇವೆ. ನೋವಿನ ಜೊತೆ ಚಳಿ ನಡುಕದ ಜ್ವರ ಬಂದರೆ ಆಗಲೇ ಹೊರಡಬೇಕು. ಕಣ್ಣಿನ ಬಿಳಿ ಭಾಗ ಹಳದಿ, ಮೂತ್ರ ಕಡು ಚಹಾ ಬಣ್ಣ, ಮಲ ಸುಣ್ಣದಂತೆ ಬಿಳಿಚಿದ್ದರೆ ಕಲ್ಲು ಪಿತ್ತಕೋಶ ಬಿಟ್ಟು ದೊಡ್ಡ ಪಿತ್ತನಾಳಕ್ಕೆ ಇಳಿದಿರಬಹುದು. ನೋವು ಹೊಟ್ಟೆಯ ಮಧ್ಯದಿಂದ ನೇರ ಬೆನ್ನಿಗೆ ಹೊಡೆದು, ನಿಲ್ಲದ ವಾಂತಿಯಾಗಿ, ಮುಂದಕ್ಕೆ ಬಾಗಿ ಕೂತರೆ ಮಾತ್ರ ತುಸು ಆರಾಮ ಅನ್ನಿಸಿದರೆ ಮೇದೋಜೀರಕ ಗ್ರಂಥಿ ಊದಿರಬಹುದು. ಇನ್ನೊಂದು: ಬೆವರು, ಎದೆ ಬಿಗಿತ, ಉಸಿರಾಟದ ಕಷ್ಟ ಇದ್ದರೆ ‘ಕಲ್ಲಿದೆ ಅಂತ ಗೊತ್ತಲ್ಲ’ ಅಂತ ಸುಮ್ಮನಿರಬೇಡಿ, ಮೊದಲು ಇಸಿಜಿ. ಹೃದಯಾಘಾತವೂ ಎದೆಗುಂಡಿ ಕೆಳಗೇ ನೋಯಿಸುತ್ತದೆ.

ಹೊರಡುವಾಗ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಹೊಟ್ಟೆ ತುಂಬಿದ್ದರೆ ಸ್ಕ್ಯಾನ್‌ನಲ್ಲಿ ಪಿತ್ತಕೋಶ ಮುದುಡಿ ಸರಿಯಾಗಿ ಕಾಣುವುದಿಲ್ಲ, ಅರಿವಳಿಕೆಗೂ ತೊಂದರೆ. ಹಳೇ ಸ್ಕ್ಯಾನ್ ರಿಪೋರ್ಟ್ ಮತ್ತು ಈಗ ತಗೊಳ್ಳುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬಾಯಿಬಿಟ್ಟು ಹೇಳಿ.

ನಾಪೋಕ್ಲು ತೋಟ: ಸಿಸ್ಟರ್ ಹೆದರಿಸುವುದರಲ್ಲೇ ಇದ್ದಾರೆ. ನನ್ನದು 14 ಮಿ.ಮೀ., ಇವರಮ್ಮನದು ಬರೀ 9. ನನಗೇ ಏನೂ ಆಗಿಲ್ಲ.

ವಿರಾಜಪೇಟೆ ಸಿಸ್ಟರ್: ಅಣ್ಣಾ, ಲೆಕ್ಕ ಅಲ್ಲೇ ತಪ್ಪುವುದು. ನಿಮ್ಮ ದೊಡ್ಡ ಕಲ್ಲು ನಾಳದೊಳಗೆ ತೂರುವುದೇ ಕಷ್ಟ. ಇವರಮ್ಮನ 3, 4 ಮಿ.ಮೀ. ಕಲ್ಲುಗಳು ತೂರಿ ಕೆಳಗಿಳಿದು ದೊಡ್ಡ ನಾಳ ಕಟ್ಟುತ್ತವೆ. ಕಾಮಾಲೆ, ಮೇದೋಜೀರಕದ ಊತ ಎರಡೂ ಹೆಚ್ಚಾಗಿ ಸಣ್ಣ ಕಲ್ಲಿನವರಿಗೆ. ನೋವೇ ಬಾರದವರು ಕಾಯುವುದು ಬೇರೆ, ಒಮ್ಮೆ ನೋವು ಬಂದವರು ಕಾಯುವುದು ಬೇರೆ.

ಬೆಳಿಗ್ಗೆ ಉಪವಾಸ ಇರುವುದನ್ನೂ ದಯವಿಟ್ಟು ಹೇಳಿಕೊಡಬೇಡಿ. ಪಿತ್ತಕೋಶ ದಿನಕ್ಕೆ ಮೂರ್ನಾಲ್ಕು ಸಲ ಅಷ್ಟಿಷ್ಟು ಖಾಲಿಯಾಗುತ್ತಿರಬೇಕು, ಇಲ್ಲದಿದ್ದರೆ ಒಳಗಿನ ಪಿತ್ತ ಗಟ್ಟಿಯಾಗಿ ಇನ್ನಷ್ಟು ಕೆಸರು ಕಟ್ಟುತ್ತದೆ. ಜಿಡ್ಡನ್ನು ಪೂರ್ತಿ ನಿಲ್ಲಿಸಿ ವಾರಕ್ಕೆ ಒಂದೂವರೆ ಕಿಲೋಗಿಂತ ಜಾಸ್ತಿ ತೂಕ ಇಳಿಸಿದವರಲ್ಲಿ ಹೊಸ ಕಲ್ಲು ಹುಟ್ಟುತ್ತದೆ. ಬೇಕಾದ್ದು ಜಿಡ್ಡನ್ನು ಹಂಚಿಕೊಳ್ಳುವುದು: ಒಂದು ಹೊತ್ತಿಗೆ ಎಣ್ಣೆ, ತುಪ್ಪ ಎಲ್ಲಾ ಸೇರಿ ಎರಡು ಟೀ ಚಮಚದೊಳಗೆ.

ನಮ್ಮ ಊಟದಲ್ಲಿ ಅದು ಕಷ್ಟವಲ್ಲ. ಕಡಂಬುಟ್ಟು, ನೂಲ್‌ಪುಟ್ಟು ಹಬೆಯಲ್ಲಿ ಬೆಂದದ್ದು, ಅಕ್ಕಿ ರೊಟ್ಟಿ ಸುಟ್ಟದ್ದು. ಅವುಗಳಿಂದ ತೊಂದರೆಯಿಲ್ಲ, ಮೇಲೆ ಸವರುವ ತುಪ್ಪದಿಂದ ತೊಂದರೆ. ಕೋಳಿ ಚರ್ಮ ತೆಗೆದು ಮಾಡಿ, ಗಟ್ಟಿ ತೆಂಗಿನ ಹಾಲು ಬೇಡ, ಮಸಾಲೆಗೆ ರುಬ್ಬಿದ ಒಂದೆರಡು ಚಮಚ ಕಾಯಿ ಸಾಕು. ಕಣಿಲೆ, ಅಣಬೆ ಇವುಗಳಲ್ಲಿ ಜಿಡ್ಡಿಲ್ಲ, ಒಗ್ಗರಣೆ ಕೈ ಹಿಡಿದು ಹಾಕಿ. ಹಾಲು ಕಾಯಿಸಿ ತಣಿಸಿ ಕೆನೆ ತೆಗೆದುಬಿಡಿ. ರಾತ್ರಿ ಊಟ ಏಳೂವರೆಗೆ ಮುಗಿಯಲಿ, ಹೊಟ್ಟೆ ಬಿರಿಯುವಷ್ಟು ಬೇಡ. ಕಾಫಿಯೂ ಪಿತ್ತಕೋಶವನ್ನು ಹಿಂಡಿಸುತ್ತದೆ. ಖಾಲಿ ಹೊಟ್ಟೆ ಕಾಫಿಗೆ ನೋವು ಬರುವವರಿದ್ದಾರೆ, ಅಮ್ಮನಿಗೆ ಹಾಗಾದರೆ ತಿಂಡಿಯ ಜೊತೆ ಕೊಡಿ.

ನಾಪೋಕ್ಲು ತೋಟ: ಕಾಚಂಪುಳಿ ಬಗ್ಗೆ ಮಾತೇ ಇಲ್ಲ?

ವಿರಾಜಪೇಟೆ ಸಿಸ್ಟರ್: ಹೇಳುತ್ತೇನೆ. ಪಂದಿ ಕರಿ ಬೇಯುವಾಗ ಕೊಬ್ಬು ತುಂಡಿನಿಂದ ಬಿಟ್ಟು ರಸಕ್ಕೆ ಇಳಿಯುತ್ತದೆ, ಎಲ್ಲೂ ಮಾಯವಾಗುವುದಿಲ್ಲ. ಪಾತ್ರೆ ತಣ್ಣಗಾದ ಮೇಲೆ ಮೇಲೆ ಬಿಳಿ ಪದರವಾಗಿ ಹೆಪ್ಪುಗಟ್ಟಿದ್ದು ಅದೇ ಕೊಬ್ಬು. ಆ ಪದರ ತೆಗೆದು, ಚರ್ಮ ಕೊಬ್ಬಿನ ತುಂಡು ಬಿಟ್ಟು, ಬರೀ ಮಾಂಸದ ಎರಡು ತುಂಡು ತಿಂದರೆ ನೋವು ಬರುವ ಸಾಧ್ಯತೆ ಕಡಿಮೆ. ಹುಳಿ ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಮೊದಲೇ ಅದಕ್ಕಿಂತ ಬಲವಾದ ಆಮ್ಲ ಇದೆ. ಪಿತ್ತಕೋಶದ ಒಳಗಿನ ಕಲ್ಲಿಗೆ ಅದು ಮುಟ್ಟುವುದೇ ಇಲ್ಲ.

ಗೋಣಿಕೊಪ್ಪ ಮೆಡಿಕಲ್ಸ್: ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಮರುದಿನ ಹಸಿರು ಕಲ್ಲು ಬೀಳುತ್ತವೆ ಅನ್ನುವ ವಿಡಿಯೋ ನೋಡಿ ನಮ್ಮ ಅಂಗಡಿಗೆ ಜನ ಬರುತ್ತಾರೆ. ಬೀಳುವುದು ಆ ಎಣ್ಣೆಯೇ ಕರುಳಿನಲ್ಲಿ ಸಾಬೂನಿನ ಹಾಗೆ ಗಟ್ಟಿಯಾದ ಉಂಡೆ. ಆಮೇಲೆ ಸ್ಕ್ಯಾನ್ ಮಾಡಿಸಿದರೆ ಕಲ್ಲು ಇದ್ದಲ್ಲೇ ಇರುತ್ತದೆ. ಅಷ್ಟು ಎಣ್ಣೆ ಒಮ್ಮೆಗೇ ಕುಡಿಯುವುದು ಅಂದರೆ ಪಿತ್ತಕೋಶವನ್ನು ಬೇಕಂತಲೇ ಜೋರಾಗಿ ಹಿಂಡಿಸುವುದು. ಸಣ್ಣ ಕಲ್ಲಿರುವವರು ಹತ್ತಿರವೂ ಹೋಗಬಾರದು. ಉರ್ಸೊ ಮಾತ್ರೆ ಕರಗಿಸುವುದು ನಿಜ, ಆದರೆ ಸುಣ್ಣ ಕಟ್ಟದ ಸಣ್ಣ ಕೊಲೆಸ್ಟ್ರಾಲ್ ಕಲ್ಲುಗಳನ್ನು ಮಾತ್ರ, ಅದೂ ತಿಂಗಳುಗಟ್ಟಲೆ ತಗೊಂಡರೆ. ಕರಗಿದರೂ ಐದು ವರ್ಷದಲ್ಲಿ ಸುಮಾರು ಅರ್ಧ ಜನಕ್ಕೆ ಮತ್ತೆ ಬರುತ್ತದೆ. ಗ್ಯಾಸಿನ ಮಾತ್ರೆ ಈ ನೋವಿಗೆ ಏನೂ ಮಾಡುವುದಿಲ್ಲ, ನೋವು ತಾನಾಗಿ ನಿಂತದ್ದನ್ನು ಮಾತ್ರೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಕುಶಾಲನಗರದ ಅಕ್ಕ: ಕಾಮಾಲೆ ಅಂದ ಕೂಡಲೇ ಎಲೆ ಔಷಧಿಗೆ ಕರ್ಕೊಂಡು ಹೋಗ್ತಾರಲ್ಲ, ಅದನ್ನೂ ಹೇಳಿ. ನಮ್ಮ ಅತ್ತೆಯನ್ನು ಹಾಗೇ ಮಾಡಿದರು, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೋಮವಾರಪೇಟೆ ಮೇಷ್ಟ್ರು: ನಾಟಿ ಔಷಧಿಯನ್ನು ಹೀಗೆ ಹಗುರವಾಗಿ ಮಾತಾಡಬಾರದು. ಎಷ್ಟೋ ಜನಕ್ಕೆ ಕಾಮಾಲೆ ವಾಸಿಯಾಗಿದೆ.

ವಿರಾಜಪೇಟೆ ಸಿಸ್ಟರ್: ಮೇಷ್ಟ್ರೇ, ವೈರಸ್ಸಿನ ಕಾಮಾಲೆ ಬಹುತೇಕ ತಾನಾಗಿ ಇಳಿಯುತ್ತದೆ, ಹೆಸರು ಎಲೆಗೆ ಹೋಗುತ್ತದೆ. ನಾಳದಲ್ಲಿ ಕಲ್ಲು ಕೂತು ಬಂದ ಕಾಮಾಲೆಯಲ್ಲಿ ಕಟ್ಟಿದ ಪಿತ್ತ ಕೀವಾಗಿ ರಕ್ತಕ್ಕೆ ನಂಜೇರುತ್ತದೆ. ಹಳದಿ, ಚಳಿಜ್ವರ, ನೋವು ಮೂರೂ ಸೇರಿದರೆ ಬೆಳಗಾಗಲಿ ಅನ್ನಬೇಡಿ. ಬಾಯಿಂದ ಕೊಳವೆ ಇಳಿಸಿ ಕಲ್ಲು ತೆಗೆಯುವ ಇಆರ್‌ಸಿಪಿ ಬೇಕಾಗುತ್ತದೆ. ಅದು ಎಲ್ಲಾ ಕಡೆ ಇರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ‘ಈ ರಾತ್ರಿ ಇಆರ್‌ಸಿಪಿ ಮಾಡುವವರಿದ್ದಾರಾ’ ಅಂತಲೇ ಕೇಳಿ. ಮೈ ತಣ್ಣಗಾಗಿ ಬಿಪಿ ಇಳಿದಿದ್ದರೆ ಮಾತ್ರ ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿ ಡ್ರಿಪ್, ಆಂಟಿಬಯೋಟಿಕ್ ಹಾಕಿಸಿ 108ರಲ್ಲಿ ಮುಂದಕ್ಕೆ.

ಕುಟ್ಟ ಜೀಪು: ದಾರಿ ಮೊದಲೇ ಯೋಚಿಸಿ. ನಾಗರಹೊಳೆ ಕಾಡಿನ ರಸ್ತೆ ರಾತ್ರಿ ಮುಚ್ಚಿರುತ್ತದೆ. ಪೊನ್ನಂಪೇಟೆಯಿಂದ ಗೋಣಿಕೊಪ್ಪ, ತಿತಿಮತಿ, ಹುಣಸೂರು ಮೇಲೆ ಮೈಸೂರು. ಮಂಗಳೂರಿಗೆ ಅಂದರೆ ಮಳೆಯಲ್ಲಿ ಸಂಪಾಜೆ ಘಾಟಿ ನಂಬಬೇಡಿ.

ಕುಶಾಲನಗರದ ಅಕ್ಕ: ಪಿತ್ತಕೋಶ ಊದಿದ ಮೇಲೆ ‘ಆರು ವಾರ ತಣ್ಣಗಾಗಲಿ’ ಅಂತ ನನ್ನನ್ನು ವಾಪಸ್ ಕಳಿಸಿದ್ದರು. ಆ ಮಧ್ಯೆ ಮತ್ತೆ ನೋವು, ಮತ್ತೆ ಅಡ್ಮಿಟ್, ಎರಡು ಬಿಲ್ಲು. ಅದು ಸರಿಯಾ ಸಿಸ್ಟರ್?

ವಿರಾಜಪೇಟೆ ಸಿಸ್ಟರ್: ಹಿಂದಿನ ಪದ್ಧತಿ ಅದು. ಈಗ ಆರೋಗ್ಯ ತಡೆದುಕೊಳ್ಳುವಂತಿದ್ದರೆ ಅದೇ ಅಡ್ಮಿಷನ್‌ನಲ್ಲಿ, ನೋವು ಶುರುವಾದ ಮೊದಲ ಕೆಲವೇ ದಿನಗಳೊಳಗೆ ತೆಗೆಯುವುದನ್ನೇ ಒಳ್ಳೆಯದು ಅನ್ನುತ್ತಾರೆ. ತಡವಾದಷ್ಟೂ ಒಳಗೆ ಅಂಟಿಕೊಂಡು ಬಿಡಿಸುವುದು ಕಷ್ಟ. ಆದರೆ ಸಕ್ಕರೆ, ಹೃದಯ, ನಿಮ್ಮ ಸ್ಥಿತಿ ನೋಡಿದವರು ಅವರು, ನಾನು ಇಲ್ಲಿಂದ ತೀರ್ಪು ಕೊಡಲಾರೆ.

ನಾಪೋಕ್ಲು ತೋಟ: ನಾನಂತೂ ನೋವು ಬಾರದೆ ತೆಗೆಸುವುದಿಲ್ಲ.

ಪೊನ್ನಂಪೇಟೆ ಹುಡುಗ: ರಿಪೋರ್ಟ್ ಮತ್ತೆ ನೋಡಿದೆ. ಪಿತ್ತಕೋಶದ ಗೋಡೆ 2 ಮಿ.ಮೀ., ಸಿಬಿಡಿ 5 ಮಿ.ಮೀ. ಅಂತಿದೆ. ಅಮ್ಮನಿಗೆ ಶುಗರ್ ಇದೆ, ಅದನ್ನು ಬರೆಯಲಿಲ್ಲ.

ವಿರಾಜಪೇಟೆ ಸಿಸ್ಟರ್: ಗೋಡೆ 3ರೊಳಗಿದೆ, ಸಿಬಿಡಿ ಅಂದರೆ ಆ ದೊಡ್ಡ ಪಿತ್ತನಾಳ, ಅದು 6ರೊಳಗಿದೆ, ಸ್ಕ್ಯಾನ್ ತೆಗೆದ ದಿನ ಊತವೂ ಇಲ್ಲ, ನಾಳ ಹಿಗ್ಗಿಯೂ ಇಲ್ಲ. ಆದರೆ ಶುಗರ್ ಇರುವವರಿಗೆ ಒಳಗೆ ಕೊಳೆಯುತ್ತಿದ್ದರೂ ನೋವು, ಜ್ವರ ಕಮ್ಮಿಯೇ ಕಾಣಬಹುದು. ಅವರ ವಿಷಯದಲ್ಲಿ ನೋವಿನ ಜೋರು ನೋಡಿ ಅಳೆಯಬೇಡಿ. ಸುಮ್ಮನೆ ಮಂಕಾಗಿ ಊಟ ಬಿಟ್ಟರೂ, ಶುಗರ್ ಕಾರಣವಿಲ್ಲದೆ ಏರಿದರೂ ತೋರಿಸಿ. ಈ ವಾರವೇ ಲಿವರ್ ಪರೀಕ್ಷೆ, ಜೊತೆಗೆ ಮೂರು ತಿಂಗಳ ಸರಾಸರಿ ಶುಗರ್ ಮಾಡಿಸಿ ಸರ್ಜನ್‌ಗೆ ತೋರಿಸಿ. ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಎರಡೂ ಏರಿದ್ದರೆ ನಾಳದಲ್ಲಿ ಕಲ್ಲಿದೆಯಾ ಅಂತ ನೋಡುವ ಎಂಆರ್‌ಸಿಪಿ ಸ್ಕ್ಯಾನ್ ಬೇಕಾ ಅಂತ ನೀವೇ ಕೇಳಿ. ಮಳೆ ನಿಲ್ಲುವವರೆಗೆ ಕಾಯುವ ಮಾತು ಆ ರಿಪೋರ್ಟ್ ಬಂದ ಮೇಲೆ ಆಡಿ.