ಶಿಫ್ಟ್ ದಾಟಿದ ಬ್ರೇಕ್‌ಡೌನ್ ಯಾರ ಲೆಕ್ಕಕ್ಕೆ?

ಕೇಳಿದವರು: ಎಂಟು ಸಿಎನ್‌ಸಿ ಲೇತ್, ಮೂರು ಶಿಫ್ಟ್. ಲಾಗ್‌ಬುಕ್ ನೋಡಿಕೊಂಡು ಎಕ್ಸೆಲ್‌ನಲ್ಲಿ ಶಿಫ್ಟ್‌ವಾರು ಡೌನ್‌ಟೈಮ್, ಓಇಇ ತೆಗೆಯುತ್ತಿದ್ದೇನೆ. ಕೆಲವು ದಿನ ಪರ್ಫಾರ್ಮೆನ್ಸ್ 100 ದಾಟುತ್ತದೆ. ನೀವೆಲ್ಲ ಹೇಗೆ ಮಾಡಿದ್ದೀರಿ?

ಪೀಣ್ಯ, ಪ್ರೊಡಕ್ಷನ್: ಇದೇ ವಿಷಯಕ್ಕೆ ನಾನು ಒಬ್ಬ ಒಳ್ಳೆಯ ಆಪರೇಟರ್‌ನನ್ನು ಕಳೆದುಕೊಂಡೆ. ಆ ರಾತ್ರಿಯ ಲೆಕ್ಕ ಇನ್ನೂ ಬಾಯಿಪಾಠ ಇದೆ.

ಸೆಕೆಂಡ್ ಶಿಫ್ಟ್‌ನಲ್ಲಿ 9:20ಕ್ಕೆ ಸ್ಪಿಂಡಲ್ ನಿಂತಿತು. ಮೇಂಟೆನೆನ್ಸ್‌ನವರು ಸರಿ ಮಾಡಿದ್ದು ರಾತ್ರಿ 12:50ಕ್ಕೆ. ಒಟ್ಟು 210 ನಿಮಿಷ. ಲಾಗ್‌ನಲ್ಲಿ ಒಂದೇ ಸಾಲು, ಅದೂ ಸೆಕೆಂಡ್ ಶಿಫ್ಟ್ ಪುಟದಲ್ಲಿ. ಥರ್ಡ್ ಶಿಫ್ಟ್‌ನವನು ಬಂದಾಗ ಮಿಷಿನ್ ಆಗಲೇ ನಿಂತಿತ್ತು, ಹಾಗಾಗಿ ಅವನು ಏನೂ ಬರೆಯಲಿಲ್ಲ.

ಊಟ, ಟೀ ಕಳೆದರೆ ಶಿಫ್ಟ್‌ಗೆ 450 ನಿಮಿಷ. ಪೀಸ್‌ಗೆ ಸೈಕಲ್ ಟೈಮ್ 2 ನಿಮಿಷ. ಸೆಕೆಂಡ್ ಶಿಫ್ಟ್‌ನಲ್ಲಿ 180 ಪೀಸ್, ಓಕೆ ಆದದ್ದು 171. ನನ್ನ ಶೀಟು 210 ನಿಮಿಷವನ್ನೂ ಸೆಕೆಂಡ್ ಶಿಫ್ಟ್‌ಗೇ ಹಾಕಿತು. ಓಡಿದ್ದು 240 ನಿಮಿಷ, ಮಾಡಿದ ಕೆಲಸ 360 ನಿಮಿಷದ್ದು! ಪರ್ಫಾರ್ಮೆನ್ಸ್ 150. ನಿಜವಾಗಿ ಅವರ ಪಾಲು ಶಿಫ್ಟ್ ಮುಗಿಯುವ 10 ಗಂಟೆವರೆಗಿನ 40 ನಿಮಿಷ ಮಾತ್ರ. ಹಾಗೆ ಹಾಕಿದರೆ ಅವೈಲಬಿಲಿಟಿ 91.1, ಪರ್ಫಾರ್ಮೆನ್ಸ್ 87.8.

ಮೋಸ ಇರುವುದು ಮುಂದೆ. ಎರಡು ಲೆಕ್ಕದಲ್ಲೂ ಓಇಇ 76 ಶೇಕಡಾನೇ. ಅವೈಲಬಿಲಿಟಿ, ಪರ್ಫಾರ್ಮೆನ್ಸ್, ಕ್ವಾಲಿಟಿ ಮೂರನ್ನೂ ಗುಣಿಸಿದಾಗ ಡೌನ್‌ಟೈಮ್ ಹೊಡೆದುಹೋಗುತ್ತದೆ. ಕೊನೆಯ ಅಂಕಿ ಮಾತ್ರ ನೋಡಿದವರಿಗೆ ತಪ್ಪು ಕಾಣುವುದೇ ಇಲ್ಲ.

ಥರ್ಡ್ ಶಿಫ್ಟ್ 125 ಪೀಸ್ ಮಾಡಿತ್ತು. ಶೀಟಿನಲ್ಲಿ ಡೌನ್‌ಟೈಮ್ ಸೊನ್ನೆ, ಪರ್ಫಾರ್ಮೆನ್ಸ್ 55.6. ಅವರ ಪಾಲಿನ 170 ನಿಮಿಷ ಕಳೆದಿದ್ದರೆ 89.3 ಬರುತ್ತಿತ್ತು. ಅಂದರೆ ಸೆಕೆಂಡ್ ಶಿಫ್ಟ್‌ಗಿಂತ ಜಾಸ್ತಿ. ನಾನು ಆ ಹುಡುಗನನ್ನು ಎಲ್ಲರ ಮುಂದೆ ಬೈದೆ. ತಿಂಗಳೊಳಗೆ ಕೆಲಸ ಬಿಟ್ಟ.

ಈಗ ಪ್ರತಿ ಸ್ಟಾಪ್‌ನ್ನೂ ಅದು ತಾಗುವ ಪ್ರತಿ ಶಿಫ್ಟ್ ಜೊತೆ ಹಿಡಿದು ಕತ್ತರಿಸುತ್ತೇನೆ:

```
=MAX(0, MIN(stop_end, shift_end) - MAX(stop_start, shift_start)) * 1440
```

ನಾಲ್ಕರಲ್ಲೂ ತಾರೀಖು, ಟೈಮ್ ಎರಡೂ ಇರಬೇಕು. ಬರೀ ಟೈಮ್ ಇದ್ದರೆ ಮಧ್ಯರಾತ್ರಿ ದಾಟಿದ ತಕ್ಷಣ ಸೊನ್ನೆ ಬರುತ್ತದೆ.

ಹೊಸೂರು, ಪ್ಲಾನಿಂಗ್: ಇಷ್ಟೆಲ್ಲ ಯಾಕೆ? ನಾವು 100 ದಾಟಿದರೆ 100 ಅಂತಲೇ ಹಾಕುತ್ತೇವೆ. ತಪ್ಪಿರುವುದು ಸೈಕಲ್ ಟೈಮ್‌ನಲ್ಲಿ. ನಮ್ಮಲ್ಲಿ ಇನ್ಸರ್ಟ್ ಗ್ರೇಡ್ ಬದಲಾದ ಮೇಲೆ 2 ನಿಮಿಷದ ಪೀಸ್ 1 ನಿಮಿಷ 40 ಸೆಕೆಂಡಿಗೆ ಇಳಿಯಿತು. ಶೀಟಿನಲ್ಲಿ ಏಳು ತಿಂಗಳು ಹಳೆಯದೇ ಇತ್ತು.

ಪೀಣ್ಯ, ಪ್ರೊಡಕ್ಷನ್: 100ಕ್ಕೆ ಕತ್ತರಿಸಿದರೆ ನನ್ನ ಆ ರಾತ್ರಿಯ ಓಇಇ 76ರಿಂದ 50.7ಕ್ಕೆ ಬೀಳುತ್ತದೆ. ತಪ್ಪನ್ನು ಮುಚ್ಚಿ ಹೊಸ ತಪ್ಪು ಮಾಡಿದ ಹಾಗೆ ಅಲ್ವಾ? ಸೈಕಲ್ ಟೈಮ್ ಹಳೆಯದಾದರೆ ಆ ಪೀಸ್ ಓಡುವ ಎಲ್ಲ ಶಿಫ್ಟ್‌ನಲ್ಲೂ ಮೇಲೇ ಬರುತ್ತದೆ. ಒಂದು ಶಿಫ್ಟ್ ಏರಿ, ಮುಂದಿನದು ಕುಸಿದರೆ ಮೊದಲು ನೋಡಬೇಕಾದದ್ದು ಶಿಫ್ಟ್ ದಾಟಿದ ಸ್ಟಾಪ್.

ಹೊಸೂರು, ಪ್ಲಾನಿಂಗ್: ನಿಮ್ಮಲ್ಲಿ ಹಾಗಾಯಿತು ಅಂತ ಎಲ್ಲರಿಗೂ ಅದೇ ಅಲ್ಲ. 85 ಶೇಕಡಾ ಗುರಿ ಇಟ್ಟುಕೊಂಡರೆ ಸಾಕು.

ಬೆಳಗಾವಿ, ಮಷಿನ್ ಶಾಪ್: ಕೈಬರಹದ ಲಾಗ್ ನಂಬಲೇಬೇಡಿ. ನಾನು ಆರು ಮಿಷಿನ್‌ಗೆ ಟವರ್ ಲ್ಯಾಂಪ್ ಮೇಲೆ ಸೆನ್ಸರ್ ಹಾಕಿಸಿದೆ. ಮಿಷಿನ್‌ಗೆ 28,000, ವೈರಿಂಗ್‌ಗೆ 19,000, ಆಮೇಲೆ ವರ್ಷಕ್ಕೆ 36,000 ಚಂದಾ. ಮೊದಲ ವಾರವೇ ಅವೈಲಬಿಲಿಟಿ 97 ತೋರಿಸಿತು. ನೋಡಿದರೆ ಬೆಳಿಗ್ಗೆ ಪೀಸ್ ಇಲ್ಲದೆ ವಾರ್ಮ್‌ಅಪ್ ಓಡಿಸುವಾಗಲೂ ಹಸಿರು ದೀಪವೇ. ಪಾರ್ಟ್ ಕೌಂಟರ್ ಸಿಗ್ನಲ್ ಸೇರಿಸಲು ಮತ್ತೆ 11,500 ಕೊಟ್ಟೆ. ಆದರೂ ಯಾಕೆ ನಿಂತಿತು ಅಂತ ಈಗಲೂ ಆಪರೇಟರ್‌ನೇ ಬರೆಯಬೇಕು.

ಹಾರೋಹಳ್ಳಿ, ಮೇಂಟೆನೆನ್ಸ್: ಬರೆಯುವುದರಲ್ಲೇ ಜಗಳ ಇರುವುದು. ಟೂಲ್ ಇಲ್ಲ, ಮೆಟೀರಿಯಲ್ ಇಲ್ಲ, ಎಲ್ಲವನ್ನೂ ಬ್ರೇಕ್‌ಡೌನ್ ಅಂತ ಬರೆದು ನಮ್ಮ ತಲೆಗೆ ಕಟ್ಟುತ್ತಾರೆ. ಮೇಲಿನ 210ರಲ್ಲಿ ರಿಪೇರಿ ಎಷ್ಟು, ಕರೆ ಬರಲು ತಡವಾದದ್ದು ಎಷ್ಟು? ಮತ್ತೆ ಸ್ಟಾಪ್ ನಡುವೆ ಊಟದ ಅರ್ಧ ಗಂಟೆ ಬಂದಿದ್ದರೆ ಆ ಸೂತ್ರ ಅದನ್ನು ಎರಡು ಸಲ ಕಳೆಯುತ್ತದೆ. ಒಮ್ಮೆ ಊಟ ಅಂತ, ಒಮ್ಮೆ ಡೌನ್‌ಟೈಮ್ ಅಂತ.

ಪೀಣ್ಯ, ಪ್ರೊಡಕ್ಷನ್: ಊಟದ ಮಾತು ಸರಿ. ನಮ್ಮ ರಾತ್ರಿ ಊಟ 2 ಗಂಟೆಗೆ, ಅಂದು ಅಡ್ಡ ಬರಲಿಲ್ಲ. ಬಂದರೆ ಅಷ್ಟು ನಿಮಿಷ ಸ್ಟಾಪ್‌ನಿಂದ ತೆಗೆಯಬೇಕು. ಆದರೆ ಕರೆ ತಡವಾಯಿತು ಅನ್ನಬೇಡಿ. 9:25ಕ್ಕೇ ಫೋನ್ ಮಾಡಿದ್ದೆವು. ನಿಮ್ಮಂಥವರು ಬಂದದ್ದು 10:15ಕ್ಕೆ.

ಹಾರೋಹಳ್ಳಿ, ಮೇಂಟೆನೆನ್ಸ್: ಮೂರು ಶಿಫ್ಟ್‌ಗೆ ಇಬ್ಬರು ಫಿಟ್ಟರ್ ಇಟ್ಟುಕೊಂಡು ಬೇಗ ಬನ್ನಿ ಅಂದರೆ ಎಲ್ಲಿಂದ ಬರುವುದು? ಆ 50 ನಿಮಿಷಕ್ಕೆ ಬೇರೆ ಕೋಡ್ ಹಾಕಿ, ಮ್ಯಾನೇಜ್‌ಮೆಂಟ್ ಹೆಸರಲ್ಲಿ.

ಬೆಳಗಾವಿ, ಮಷಿನ್ ಶಾಪ್: ಆ ಕೋಡ್ ಹಾಕಲು ನಿಮ್ಮ ಮ್ಯಾನೇಜರ್ ಒಪ್ಪಿದರೆ ತಿಳಿಸಿ. ನಮ್ಮವರು ಮೂರು ಸಲ ಅಳಿಸಿಸಿದ್ದಾರೆ.